ಅಜ್ಜಿ, ದೋಣಿ, ಳ

ಸಿರಿಯ ಮನೆಯಲ್ಲಿ ಒಂದು ನಿಯಮ ಇತ್ತು. ಒಳಗೆ ಬರುವಾಗ ಎರಡನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು. ಒಂದು ಶೂ. ಇನ್ನೊಂದು ಜರ್ಮನ್.

ಶೂ ಬಿಡುವುದು ಸುಲಭ. ಜರ್ಮನ್ ಮಾತ್ರ ಸಾಕ್ಸಿಗೆ ಅಂಟಿದ ಹುಲ್ಲಿನ ಹಾಗೆ ಒಳಗೆ ಬಂದೇ ಬಿಡುತ್ತಿತ್ತು. ಸಿರಿಗೆ ಈಗ ಒಂಬತ್ತು ವರ್ಷ. ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಜರ್ಮನಿಯ ಟ್ಯೂಬಿಂಗನ್ ಊರಿಗೆ ಬಂದಿದ್ದಳು. ಒಗ್ಗರಣೆ, ಕಸಬರಿಗೆ, ಕೊಬ್ಬರಿ ಎಣ್ಣೆ, ಹೊಟ್ಟೆನೋವು ಎಲ್ಲ ಅವಳಿಗೆ ಕನ್ನಡದಲ್ಲೇ ಗೊತ್ತು. ತ್ರಿಕೋನ, ಅಂಟು, ಜಗಳ, ಈಜು ಎಲ್ಲ ಜರ್ಮನ್‌ನಲ್ಲಿ. ಹೊಟ್ಟೆನೋವಿನ ಬಗ್ಗೆ ಶಾಲೆಯಲ್ಲಿ ಹೇಳಬೇಕಾದರೆ ಅಥವಾ ಜಗಳದ ಬಗ್ಗೆ ಮನೆಯಲ್ಲಿ ಹೇಳಬೇಕಾದರೆ ನಾಲಿಗೆ ತಡವರಿಸುತ್ತಿತ್ತು.

ಜೂನ್‌ನಲ್ಲಿ ಅಜ್ಜಿ ಬಂದರು. ಅಘನಾಶಿನಿ ನದಿಯ ದಡದ ಅಜ್ಜಿ. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಬ್ಯಾಗಿನಲ್ಲಿ ಒಂದು ಡಬ್ಬಿ ಚಕ್ಕುಲಿ, ಕೈಯಲ್ಲಿ ಊರುಗೋಲು, ಬಾಯಲ್ಲಿ ಸದಾ ಒಂದು ತಿದ್ದುಪಡಿ.

"ಅಜ್ಜಿ, ಹೊರಗೆ ಮಲೆ ಬರ್ತಿದೆ."

"ಮಲೆ ಅಂದ್ರೆ ಬೆಟ್ಟ ಕೂಸೇ. ಬೆಟ್ಟ ನಡ್ಕೊಂಡು ಬರ್ತಾ ಇದ್ಯಾ? ಮಳೆ ಅನ್ನು. ನಾಲಿಗೆ ಮೇಲಕ್ಕೆ ಮಡಚು."

ಸಿರಿ ನಾಲಿಗೆ ಮಡಚಿದಳು. "ಮಲೆ."

ಅಲಿಲು, ಬಾಲೆಹಣ್ಣು, ಬೆಲ್ಲುಲ್ಲಿ. ಸಿರಿಯ ಬಾಯಲ್ಲಿ ಳ ಬರುತ್ತಲೇ ಇರಲಿಲ್ಲ.

ಆದರೆ ಒಂದು ವಿಷಯದಲ್ಲಿ ಅಜ್ಜಿಗೂ ಜರ್ಮನ್‌ಗೂ ಹೊಂದಿಕೆಯಾಯಿತು. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಹೋಗಲಿ ಅಂದರೆ ಹುಡುಗಿಯೂ ಎರಡೂ ಅಲ್ಲ! "ದಾಸ್ ಮೇಡ್‌ಶನ್" ಅನ್ನಬೇಕು, ಅಂದರೆ "ಅದು". ಸಿರಿ ಇದನ್ನು ದೊಡ್ಡ ದೂರಿನ ಹಾಗೆ ಹೇಳಿದಾಗ ಅಜ್ಜಿ ಜೋರಾಗಿ ನಕ್ಕರು. "ನಮ್ಮೂರಲ್ಲೂ ಹಾಗೇ ಅಲ್ವಾ! ಅಮ್ಮ ಬಂತು, ಅಕ್ಕ ಹೋತು, ಕೂಸು ಉಂಡತ್ತು. ನಾವೂ ಹೆಣ್ಣುಮಕ್ಕಳಿಗೆ 'ಅದು' ಅಂತಲೇ ಹೇಳೋದು."

ಈ ಊರಿನ ಮೇಲೆ ಅಜ್ಜಿಗೆ ಪ್ರೀತಿ ಇರಲು ಇನ್ನೊಂದು ಕಾರಣವೂ ಇತ್ತು. ಫರ್ಡಿನಾಂಡ್ ಕಿಟೆಲ್ ಕೊನೆಗಾಲದಲ್ಲಿ ಇದ್ದದ್ದು ಇಲ್ಲೇ, 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಜರ್ಮನಿಯಿಂದ ನಮ್ಮ ಕಡೆ ಬಂದು, ಕನ್ನಡ ಕಲಿತು, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ಕೊಟ್ಟವರು. "ಅವರಿಗೆ ಳ ಬಂತು, ನಿನಗೆ ಯಾಕೆ ಬರೋದಿಲ್ಲ?" ಅಂತ ಅಜ್ಜಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಸಿರಿಗೆ ಕಿಟೆಲ್ ಮೇಲೆ ಸ್ವಲ್ಪ ಸಿಟ್ಟೇ ಇತ್ತು.

ಶನಿವಾರ ಸಿರಿಯ ಗೆಳೆಯ ಯೋನಾಸ್ ಎಲ್ಲರನ್ನೂ ದೋಣಿಗೆ ಕರೆದ. ಟ್ಯೂಬಿಂಗನ್‌ನ ನೆಕಾರ್ ನದಿಯಲ್ಲಿ ಉದ್ದನೆಯ, ಚಪ್ಪಟೆ ತಳದ ದೋಣಿಗಳಿವೆ. ಅವಕ್ಕೆ ಶ್ಟೋಖರ್‌ಕಾನ್ ಅಂತ ಹೆಸರು. ಮೋಟರ್ ಇಲ್ಲ, ಹುಟ್ಟೂ ಇಲ್ಲ. ಹಿಂದೆ ಒಬ್ಬರು ನಿಂತು ಏಳು ಮೀಟರಿನಷ್ಟು ಉದ್ದದ ಮರದ ಕಂಬವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ಯೋನಾಸ್‌ನ ಮಾವನ ಹತ್ತಿರ ಅಂಥದ್ದೊಂದು ದೋಣಿ ಇತ್ತು.

ದೋಣಿ ನಿಲ್ಲುವುದು ಹಳದಿ ಗೋಪುರದ ಹತ್ತಿರ. ಹ್ಯೋಲ್ಡರ್ಲಿನ್ ಎಂಬ ಕವಿ 36 ವರ್ಷ ಅದರಲ್ಲೇ ಕಳೆದರಂತೆ. ಅಜ್ಜಿ ಗೋಪುರ ನೋಡಿದರು, ನೀರು ನೋಡಿದರು, ಯಾರೂ ಕರೆಯುವ ಮೊದಲೇ ಸೀರೆ ಎತ್ತಿ ಕಟ್ಟಿ ದೋಣಿಗೆ ಇಳಿದು ಕೂತುಬಿಟ್ಟರು. ಮಾವ ದಿಂಬು ತರಲು ಹೋದರು. ಅಪ್ಪ ಅಮ್ಮ ಕಾರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಮಾವ ಬಿಚ್ಚಿದ್ದ ಹಗ್ಗ ಸಿರಿಯ ಕೈಯಲ್ಲಿತ್ತು. "ಗಟ್ಟಿ ಹಿಡ್ಕೋ" ಅಂತ ಹೇಳಿ ಹೋಗಿದ್ದರು.

ಆಗ ಮೆಟ್ಟಿಲ ಮೇಲೆ ಸಿರಿಯ ಕ್ಲಾಸಿನ ಮೂವರು ಹುಡುಗಿಯರು ಕಾಣಿಸಿಕೊಂಡರು. ಕೈಯಲ್ಲಿ ಐಸ್‌ಕ್ರೀಮ್.

ಅದೇ ಹೊತ್ತಿಗೆ ಅಜ್ಜಿ ಡಬ್ಬಿ ತೆರೆದು, ನದಿಯ ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದರು: "ಕೂಸೇ! ಚಕ್ಕುಲಿ ತಿಂತೀಯನೇ?"

ಹುಡುಗಿಯರು ತಿರುಗಿ ನೋಡಿದರು.

ಸಿರಿಯ ಕಿವಿ ಬಿಸಿಯಾಯಿತು. ಅವಳಿಗೆ ಏನೂ ಕೇಳಿಸಲಿಲ್ಲ. ಅಂದರೆ, ಕೇಳಿಸದ ಹಾಗೆ ಇದ್ದಳು. ಶೂ ಲೇಸ್ ಕಟ್ಟುವವಳ ಹಾಗೆ ಸುಮ್ನೆ ಬಗ್ಗಿದಳು. ಲೇಸ್ ಕಟ್ಟಲು ಎರಡು ಕೈ ಬೇಕಲ್ವಾ?

ಹಗ್ಗ ಹಾವಿನ ಹಾಗೆ ಜಾರಿ ನೀರಿಗೆ ಬಿತ್ತು.

ತಲೆ ಎತ್ತುವಷ್ಟರಲ್ಲಿ ದೋಣಿ ದಡದಿಂದ ಮೂರು ಮಾರು ದೂರ ಹೋಗಿತ್ತು. ಅಜ್ಜಿ ನಡುವೆ ಕೂತು ಚಕ್ಕುಲಿ ಕಡಿಯುತ್ತಿದ್ದರು.

"ಅಜ್ಜೀ!"

"ಈಗ ಕೇಳಿಸ್ತಾ?" ಅಂದರು ಅಜ್ಜಿ. ಆಮೇಲೆ ದಡ ನೋಡಿದರು. ದೋಣಿ ನೋಡಿದರು. "ಎಂತದಿದು, ದೋಣಿ ಹೊರಟೇ ಹೋಯ್ತಲ್ಲ!"

ನೆಕಾರ್ ಇಲ್ಲಿ ಜೋರಾಗಿ ಹರಿಯುವುದಿಲ್ಲ. ಎತ್ತಿನ ಗಾಡಿಯ ವೇಗ. ಅದಕ್ಕೇ ಮೊದಲು ಯಾರಿಗೂ ಭಯವಾಗಲಿಲ್ಲ. ಆದರೆ ಯೋನಾಸ್‌ನ ಮುಖ ಬಿಳಚಿಕೊಂಡಿತು. "ಸೇತುವೆ ದಾಟಿ ಮುಂದೆ ಹೋದ್ರೆ ಅಣೆಕಟ್ಟು ಇದೆ" ಅಂದ. ಜರ್ಮನ್‌ನಲ್ಲೇ ಅಂದ. ಯೋನಾಸ್‌ಗೆ ಬೇರೆ ಭಾಷೆ ಬರುವುದಿಲ್ಲ ಪಾಪ.

ಇಬ್ಬರೂ ಓಡಿದರು. ಗಲ್ಲಿ ದಾಟಿ, ಸೈಕಲ್‌ಗಳ ನಡುವೆ ನುಸುಳಿ, ಸೇತುವೆಯ ನಡುವಿಗೆ. ಸೇತುವೆಯ ಕಟ್ಟೆಗೆ ಹೂವಿನ ಪೆಟ್ಟಿಗೆ ಸಾಲಾಗಿ ನೇತುಹಾಕಿದ್ದರು. ಸಿರಿ ಹೂಗಳ ನಡುವೆ ತಲೆ ತೂರಿಸಿದಳು. ದೋಣಿ ಇನ್ನೂ ಮೇಲ್ಗಡೆ ಇತ್ತು, ಮೆಲ್ಲಗೆ ಅಡ್ಡ ತಿರುಗುತ್ತಾ ಬರುತ್ತಿತ್ತು.

ಎದುರಿನಿಂದ ಇನ್ನೊಂದು ದೋಣಿ. ಅದರ ತುಂಬ ಕಾಲೇಜು ಹುಡುಗರು. ಹಿಂದೆ ನಿಂತಿದ್ದ ಗಡ್ಡದವನು ಅಜ್ಜಿಗೆ ಕೂಗುತ್ತಿದ್ದ: "ದೀ ಶ್ಟಾಂಗೆ! ದೀ ಶ್ಟಾಂಗೆ!"

ಅಜ್ಜಿ ಅವನಿಗೆ ಕೈ ಮುಗಿದರು. ನಮಸ್ಕಾರ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು.

ಶ್ಟಾಂಗೆ ಅಂದರೆ ಏನು ಅಂತ ಸಿರಿಗೆ ಚೆನ್ನಾಗಿ ಗೊತ್ತು. ದೋಣಿ ತಳ್ಳುವ ಆ ಕಂಬ. ಅದು ಅಜ್ಜಿಯ ಪಕ್ಕದಲ್ಲೇ ಉದ್ದಕ್ಕೆ ಮಲಗಿದೆ. ಆದರೆ ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಮನೆಯಲ್ಲಿ ಯಾರೂ ದೋಣಿ ತಳ್ಳುವುದಿಲ್ಲವಲ್ಲ!

"ಅಜ್ಜೀ! ಕೋಲು! ಕೋಲು ತಗೋ!"

ಅಜ್ಜಿ ತಮ್ಮ ಊರುಗೋಲನ್ನು ಎತ್ತಿ ಆಡಿಸಿದರು. "ಇಲ್ಲೇ ಇದೆ! ಎಲ್ಲೂ ಹೋಗಿಲ್ಲ!"

"ಅದಲ್ಲ! ದೊಡ್ಡದು!"

"ಆಂ?"

ಸೇತುವೆಯ ಮೇಲೆ ಜನ ಸೇರಿದರು. ಐಸ್‌ಕ್ರೀಮ್ ಹುಡುಗಿಯರೂ ಬಂದರು. ಸಿರಿ ಕಣ್ಣು ಮುಚ್ಚಿದಳು. ಎರಡು ಬೇಸಿಗೆಯ ಹಿಂದೆ ಅಜ್ಜಿಯ ಮನೆ. ಹಿತ್ತಿಲಲ್ಲಿ ಬಿದಿರು ಕಟ್ಟಿದ್ದರು. ಅದರ ಮೇಲೆ ಒದ್ದೆ ಪಂಚೆ, ಒದ್ದೆ ಸೀರೆ.

"ಬಟ್ಟೆ ಒಣ ಹಾಕ್ತೀಯಲ್ಲ ಅಜ್ಜಿ! ಹಿತ್ತಿಲಲ್ಲಿ! ಆ ಥರದ್ದು!"

ಅಜ್ಜಿಯ ಮುಖ ಅರಳಿತು. "ಓ! ಗಳವಾ?"

"ಹೂಂ! ಗಲ! ಗಲ!"

ದೋಣಿ ತೇಲುತ್ತಿತ್ತು. ಮುಂದೆ ಅಣೆಕಟ್ಟು ಇತ್ತು. ಅಜ್ಜಿ ಎಡಗೈಯಲ್ಲಿ ದೋಣಿಯ ಅಂಚು ಹಿಡಿದು, ಬಲಗೈ ತೋರುಬೆರಳು ಎತ್ತಿದರು. "ಗಲ ಅಲ್ಲ ಕೂಸೇ. ಗಳ!"

"ಅಜ್ಜೀ, ಆಮೇಲೆ!"

"ನಾಲಿಗೆ ಮಡಚು!"

ಸಿರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ನಾಲಿಗೆ ತಾನಾಗಿ ಮೇಲಕ್ಕೆ ಮಡಚಿಕೊಂಡಿತು. ಹೂವಿನ ಪೆಟ್ಟಿಗೆ ಅದುರುವ ಹಾಗೆ ಕಿರುಚಿದಳು: "ಗಳ! ಗಳಾ! ಗಳ ತಗೋ, ಅಜ್ಜೀ!"

"ಹಾಂ, ಹಾಗೆ" ಅಂದರು ಅಜ್ಜಿ.

ಆಮೇಲೆ ಅವರು ಮಾಡಿದ್ದನ್ನು ಆ ಊರಿನವರು ತುಂಬ ದಿನ ಮರೆಯಲಿಲ್ಲ. ಏಳು ಮೀಟರಿನ ಗಳವನ್ನು ಎತ್ತಲು ಹೋಗಲೇ ಇಲ್ಲ. ಕೂತಲ್ಲಿಂದಲೇ ಅದರ ಒಂದು ತುದಿಯನ್ನು ದೋಣಿಯ ಅಂಚಿನಿಂದ ಹೊರಗೆ ಜಾರಿಸಿದರು. ಮರ ತನ್ನ ಭಾರಕ್ಕೆ ತಾನೇ ಇಳಿಯಿತು. ಕೆಸರಿಗೆ ಊರಿದ್ದೇ ತಡ, ಇನ್ನೊಂದು ತುದಿಗೆ ಎದೆ ಆನಿಸಿ ಒರಗಿದರು. ದೋಣಿ "ಕರ್ರ್" ಅಂದಿತು. ಅರ್ಧ ತಿರುಗಿತು. ನಿಂತಿತು.

ಅಘನಾಶಿನಿಯ ಆಚೆ ದಡದಲ್ಲಿತ್ತಂತೆ ಅಜ್ಜಿಯ ಶಾಲೆ. ದೋಣಿಯವನು ಬಾರದ ದಿನ ಅಜ್ಜಿಯೇ ಗಳ ಹಾಕುತ್ತಿದ್ದರಂತೆ. ಇದನ್ನು ಅವರು ಮೊದಲೇ ಹೇಳಬಹುದಿತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಗಡ್ಡದವನು ಈಗ ಜೋರಾಗಿ ಇತ್ತ ಬರತೊಡಗಿದ. ಅಜ್ಜಿ ತಲೆ ಎತ್ತಿದರು. "ಕೂಸೇ, ಅವನಿಗೆ ಹೇಳು, ಎದುರಿಂದ ಬಂದು ಗುದ್ದಬೇಡ. ಸುತ್ತಿ ಹಿಂದಿನಿಂದ ಬರಲಿ. ಹಗ್ಗ ನೀರಲ್ಲಿದೆ, ಅದನ್ನು ಹಿಡೀಲಿ."

ಸಿರಿ ಅಷ್ಟನ್ನೂ ಜರ್ಮನ್‌ನಲ್ಲಿ ಕೂಗಿದಳು. ಗಡ್ಡದವನು ಏನೋ ಕೇಳಿದ. ಅದನ್ನು ಕನ್ನಡದಲ್ಲಿ ಕೂಗಿದಳು. "ಆಳ ಎಷ್ಟಿದೆ ಅಂತ ಕೇಳ್ತಿದ್ದಾನೆ ಅಜ್ಜಿ!"

"ಒಂದೂವರೆ ಆಳು!"

ಜರ್ಮನ್‌ನಲ್ಲಿ ನೀರನ್ನು ಆಳು ಲೆಕ್ಕದಲ್ಲಿ ಅಳೆಯುವುದನ್ನು ಸಿರಿ ಕೇಳಿರಲಿಲ್ಲ. "ಸುಮಾರು ಮೂರು ಮೀಟರ್!" ಅಂದುಬಿಟ್ಟಳು. ಅಷ್ಟು ಸಾಕಾಯಿತು. ಹುಡುಗರು ಸುತ್ತಿ ಬಂದರು, ಹಗ್ಗ ಹಿಡಿದರು, ಎಳೆದುಕೊಂಡು ಹೊರಟರು. ಸೇತುವೆಯ ಮೇಲೆ ಚಪ್ಪಾಳೆ.

"ಯಾವ ಭಾಷೆ ಅದು?" ಐಸ್‌ಕ್ರೀಮ್ ಹುಡುಗಿಯರಲ್ಲಿ ಒಬ್ಬಳು ಕೇಳಿದಳು.

ಇಷ್ಟು ದಿನ ಸಿರಿ "ಇಂಡಿಷ್" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಈಗ ಅದಕ್ಕೆಲ್ಲ ಪುರಸೊತ್ತಿರಲಿಲ್ಲ. "ಕನ್ನಡ" ಅಂತ ಹೇಳುತ್ತಲೇ ಮೆಟ್ಟಿಲ ಕಡೆ ಓಡಿದಳು.

ಅಜ್ಜಿ ದಡಕ್ಕೆ ಬಂದಾಗ ಸೀರೆಯ ಅಂಚು ಮಾತ್ರ ಒದ್ದೆಯಾಗಿತ್ತು. ಸಿರಿ ಅವರ ಮುಂದೆ ನಿಂತಳು. ಹೇಳಬೇಕಾದ್ದು ಎರಡೂ ಭಾಷೆಯಲ್ಲಿ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

"ನಾನೇ ಹಗ್ಗ ಬಿಟ್ಟದ್ದು. ನೀನು ಕರೆದದ್ದು ಕೇಳಿಸಿತ್ತು."

"ಗೊತ್ತು" ಅಂದರು ಅಜ್ಜಿ. ಡಬ್ಬಿ ಮುಂದೆ ಚಾಚಿದರು. ಅದರಲ್ಲಿ ನಾಲ್ಕೇ ಚಕ್ಕುಲಿ ಉಳಿದಿತ್ತು. ನದಿಯ ನಡುವೆ ಅವರೂ ಸ್ವಲ್ಪ ಹೆದರಿದ್ದರು ಅಂತ ಕಾಣುತ್ತದೆ.

ಆಮೇಲೆ ಎಲ್ಲರೂ ಸೇರಿ ದೋಣಿ ಹತ್ತಿದರು. ಅಪ್ಪ ಅಮ್ಮನಿಗೆ ಕಥೆಯನ್ನು ಸಿರಿ ಕನ್ನಡದಲ್ಲಿ ಶುರು ಮಾಡಿ, ಯೋನಾಸ್ ಬಾಯಿ ಹಾಕಿದಾಗ ಜರ್ಮನ್‌ಗೆ ಹೊರಳಿ, ಎಲ್ಲಿ ಬಾಗಿಲು ಎಲ್ಲಿ ಶೂ ಅಂತ ನೋಡದೆ ಹೇಳಿ ಮುಗಿಸಿದಳು. ಅಮ್ಮ ತಡೆಯಲಿಲ್ಲ. ಮಾವ ಗಳ ಊರುತ್ತಿದ್ದರು. ಅಜ್ಜಿ ಅವರ ಕೈಯನ್ನೇ ನೋಡುತ್ತಾ ಆಗಾಗ ತಲೆ ಅಲ್ಲಾಡಿಸುತ್ತಿದ್ದರು. ಒಪ್ಪಿಗೆಯಾಗಿ ಅಲ್ಲ.

ಯೋನಾಸ್‌ಗೆ ಆ ಶಬ್ದ ಬೇಕೇ ಬೇಕಾಗಿತ್ತು. "ಗ... ಲ?"

ಸಿರಿ ತೋರುಬೆರಳು ಎತ್ತಿದಳು. "ನಾಲಿಗೆ ಮಡಚು."

ಅವನು ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. ಅಜ್ಜಿಗೆ ಊರಿನ ಹೆಸರು ಸರಿಯಾಗಿ ಹೇಳಿಸಲು ಹೊರಟ. ಅಜ್ಜಿ ಮೂರು ಸಲ "ಟೂಬಿಂಗನ್" ಅಂದರು. ಯೋನಾಸ್ ಮೂರು ಸಲವೂ ಇಲ್ಲ ಅಂದ. ಹೇಗೆ ಅಂತ ಅವನು ತೋರಿಸಿದ್ದನ್ನು ಸಿರಿ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಬಾಯನ್ನು ಊ ಅನ್ನೋ ಹಾಗೆ ಗುಂಡಗೆ ಮಾಡು. ಆದರೆ ಒಳಗಿಂದ ಈ ಅನ್ನು."

ಅಜ್ಜಿ ತುಟಿ ಮುಂದೆ ಮಾಡಿದರು. ಕಣ್ಣು ಅರಳಿಸಿದರು. ಬಾತುಕೋಳಿಯೊಂದು ಹತ್ತಿರ ಬಂದು ನೋಡಿತು.

"ತ್... ಊ... ಈ..."

"ಊಹೂಂ" ಅಂದಳು ಸಿರಿ. "ಇನ್ನೊಂದು ಸಲ."