ಗಾರೆ ಕೆಲಸದ ಲೆಕ್ಕದ ಹಾಳೆ: ಒಂದು ಚದರ ಮೀಟರಿಗೆ ಎಷ್ಟು ಸಾಮಾನು?

ಈ ಹಾಳೆಯನ್ನು ಸಿಮೆಂಟ್ ಶೆಡ್ಡಿನ ಬಾಗಿಲ ಒಳಗಡೆ ಅಂಟಿಸಿ. ಟೇಪು ಹಿಡಿದು ಗೋಡೆ ಅಳೆದು, ಬಂದ ಚದರ ಮೀಟರನ್ನು ಇಲ್ಲಿನ ಅಂಕಿಯಿಂದ ಗುಣಿಸಿದರೆ ಸಾಕು. ಇಟ್ಟಿಗೆ ಸಂದಿಗೆ ಹೋಗುವ ಗಾರೆ ಈ ಅಂಕಿಗಳಲ್ಲೇ ಸೇರಿದೆ. ನೆಲಕ್ಕೆ ಉದುರುವುದು, ಬಾಂಡ್ಲಿಯಲ್ಲಿ ಒಣಗುವುದು ಸೇರಿಲ್ಲ. ಅದಕ್ಕೆ ಕೊನೆಯಲ್ಲಿ ಒಂದೇ ಸಲ ಸಿಮೆಂಟಿಗೆ 5%, ಮರಳಿಗೆ 10% ಸೇರಿಸಿ. ಪ್ರತಿ ಸಾಲಿಗೂ ಸೇರಿಸುತ್ತಾ ಹೋದರೆ ಲೆಕ್ಕ ಉಬ್ಬುತ್ತದೆ.

ಅಳತೆ ಬದಲಾಯಿಸಲು

| ಇದು | ಇಷ್ಟಕ್ಕೆ ಸಮ |
|---|---|
| 1 ಚದರ ಮೀಟರ್ | 10.76 ಚದರ ಅಡಿ |
| 1 ಚದರ (100 ಚದರ ಅಡಿ) | 9.29 ಚದರ ಮೀಟರ್ |
| 1 ಮೂಟೆ ಸಿಮೆಂಟ್ | 50 ಕೆ.ಜಿ, ಸುಮಾರು 35 ಲೀಟರ್ |
| 1 ಘನ ಅಡಿ ಮರಳು | 28.3 ಲೀಟರ್, ಸುಮಾರು 45 ಕೆ.ಜಿ |
| 1 ಟನ್ ಎಂ ಸ್ಯಾಂಡ್ | ಸುಮಾರು 22 ಘನ ಅಡಿ |

ಮಾಲೀಕರು ಚದರ ಅಡಿಯಲ್ಲಿ ಕೇಳುತ್ತಾರೆ, ಎಂಜಿನಿಯರ್ ಚದರ ಮೀಟರಿನಲ್ಲಿ ಬರೆದುಕೊಡುತ್ತಾರೆ, ಲಾರಿಯವನು ಟನ್ನಿನಲ್ಲಿ ಮಾತಾಡುತ್ತಾನೆ. ಮೂವರ ಜೊತೆಗೂ ಮಾತಾಡಬೇಕಾದವರು ನಾವೇ ಅಲ್ವಾ, ಅದಕ್ಕೇ ಇದು ಮೊದಲು.

1. ಪ್ಲಾಸ್ಟರಿಂಗ್ (1 ಚದರ ಮೀಟರಿಗೆ)

| ಕೆಲಸ | ದಪ್ಪ | ಮಿಶ್ರಣ | ಸಿಮೆಂಟ್ | ಮರಳು | 1 ಮೂಟೆಗೆ ಎಷ್ಟು |
|---|---|---|---|---|---|
| ಒಳಗೋಡೆ, ಸಮ ಇರುವ ಮುಖ | 12 ಮಿ.ಮೀ | 1:6 | 3.6 ಕೆ.ಜಿ | 15.4 ಲೀ | 14 ಚ.ಮೀ |
| ಒಳಗೋಡೆ, ಗಟ್ಟಿ ಬೇಕಾದ ಕಡೆ | 12 ಮಿ.ಮೀ | 1:4 | 5.5 ಕೆ.ಜಿ | 15.4 ಲೀ | 9 ಚ.ಮೀ |
| ಇಟ್ಟಿಗೆಯ ಒರಟು ಮುಖ | 15 ಮಿ.ಮೀ | 1:6 | 4.3 ಕೆ.ಜಿ | 18.4 ಲೀ | 11.6 ಚ.ಮೀ |
| ಹೊರಗೋಡೆ, ಎರಡು ಕೋಟ್ | 20 ಮಿ.ಮೀ | 1:5 | 6.9 ಕೆ.ಜಿ | 24 ಲೀ | 7.2 ಚ.ಮೀ |
| ಹೊರಗೋಡೆ, ಮಳೆ ಜಾಸ್ತಿ ಬಡಿಯುವ ಕಡೆ | 20 ಮಿ.ಮೀ | 1:4 | 8.5 ಕೆ.ಜಿ | 24 ಲೀ | 5.9 ಚ.ಮೀ |
| ತಾರಸಿಯ ಅಡಿ (ಸೀಲಿಂಗ್) | 6 ಮಿ.ಮೀ | 1:3 | 3.7 ಕೆ.ಜಿ | 7.7 ಲೀ | 13.5 ಚ.ಮೀ |
| ಇಟ್ಟಿಗೆ ಗೋಡೆಗೆ ಪಾಯಿಂಟಿಂಗ್ | – | 1:3 | 1.5 ಕೆ.ಜಿ | 3.2 ಲೀ | 33 ಚ.ಮೀ |
| ಪ್ಲಾಸ್ಟರ್ ಮೇಲೆ ಬರೀ ಸಿಮೆಂಟಿನ ನಯ | – | – | 2.2 ಕೆ.ಜಿ | – | 22 ಚ.ಮೀ |

ಈ ಅಂಕಿ ಗೋಡೆ ನೆಟ್ಟಗಿದ್ದರೆ ಮಾತ್ರ. ತೂಗುಗುಂಡು ಬಿಟ್ಟು ನೋಡಿ. ಮೇಲೆ 12 ಮಿ.ಮೀ ಇದ್ದದ್ದು ಕೆಳಗೆ 20 ಆಗುತ್ತಿದ್ದರೆ ಸರಾಸರಿ 16 ಎಂದೇ ಲೆಕ್ಕ ಹಾಕಿ. 1:6ರಲ್ಲಿ ಒಂದು ಮಿ.ಮೀ ಜಾಸ್ತಿಯಾದರೆ ಚದರ ಮೀಟರಿಗೆ ಕಾಲು ಕೆ.ಜಿ ಸಿಮೆಂಟ್, ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಮರಳು. ಕೇಳಲು ಏನೂ ಅಲ್ಲ. ಆದರೆ 100 ಚದರ ಮೀಟರ್ ಗೋಡೆಯಲ್ಲಿ 5 ಮಿ.ಮೀ ದಪ್ಪ ಏರಿತು ಅಂದುಕೊಳ್ಳಿ: ಎರಡೂವರೆ ಮೂಟೆ ಸಿಮೆಂಟ್, 19 ಘನ ಅಡಿ ಮರಳು ಹೆಚ್ಚುವರಿ. "ಸಾಮಾನು ಎಲ್ಲಿ ಹೋಯ್ತು ಮೇಸ್ತ್ರಿ?" ಎಂದು ಮಾಲೀಕರು ಕೇಳುವುದು ಇಂಥ ಕಡೆಯೇ. ಅದಕ್ಕೆ ಬಟ್ಟು (ಬಟನ್) ಇಟ್ಟ ಮೇಲೆ, ಪ್ಲಾಸ್ಟರ್ ಶುರುವಾಗುವ ಮೊದಲೇ ಅವರನ್ನು ಕರೆದು ದಪ್ಪ ತೋರಿಸಿಬಿಡಿ.

ಕಾಂಕ್ರೀಟ್ ಕಂಬ, ಬೀಮು ಗೋಡೆಗೆ ಸೇರುವ ಕಡೆ ಕೋಳಿ ಜಾಲರಿ ಬಡಿಯಬೇಕು. 30 ಸೆಂ.ಮೀ ಅಗಲ, ಸಂದಿನ ಎರಡೂ ಕಡೆ 15–15. ಇದು ಚದರ ಮೀಟರ್ ಲೆಕ್ಕಕ್ಕೆ ಬರುವುದಿಲ್ಲ, ಸಂದಿನ ಉದ್ದ ಅಳೆಯಿರಿ. ಹೊರಗೋಡೆಗೆ ವಾಟರ್‌ಪ್ರೂಫ್ ದ್ರವ ಹಾಕುವುದಾದರೆ ಸಾಮಾನ್ಯವಾಗಿ ಮೂಟೆಗೆ 200 ಮಿ.ಲೀ. ಆದರೂ ಡಬ್ಬದ ಮೇಲೆ ಬರೆದದ್ದನ್ನೇ ಪಾಲಿಸಿ.

ಜಿಪ್ಸಂ ಪ್ಲಾಸ್ಟರ್: ಪ್ರತಿ ಮಿ.ಮೀ ದಪ್ಪಕ್ಕೆ ಸುಮಾರು 1 ಕೆ.ಜಿ. ಬಚ್ಚಲು, ಹೊರಗೋಡೆಗೆ ಬೇಡ.

ಮರಳು ಒದ್ದೆ ಇದ್ದರೆ

ಮೇಲಿನ ಮರಳಿನ ಲೆಕ್ಕವೆಲ್ಲ ಒಣ ಮರಳಿಗೆ. ಜಿಟಿಜಿಟಿ ಮಳೆಯಲ್ಲಿ ನೆಂದ ಮರಳು ಉಬ್ಬಿಕೊಂಡಿರುತ್ತದೆ. ಸ್ವಲ್ಪ ತೇವವಿದ್ದರೂ 20ರಿಂದ 30% ಉಬ್ಬುವುದು ಮಾಮೂಲು, ಸಣ್ಣ ಮರಳಾದರೆ ಇನ್ನೂ ಜಾಸ್ತಿ. ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ, ಒಳಗೆ ಮರಳು ಕಮ್ಮಿ ಇರುತ್ತದೆ. 1:6 ಎಂದುಕೊಂಡು ಕಲಸಿದ್ದು ನಿಜವಾಗಿ 1:5ರ ಹತ್ತಿರ ಬರುತ್ತದೆ. ಸಿಮೆಂಟ್ ಮೂಟೆ ಬೇಗ ಖಾಲಿಯಾಗುತ್ತದೆ, ಗೋಡೆಯಲ್ಲಿ ಕೂದಲಿನಂಥ ಬಿರುಕು ಬರುತ್ತದೆ.

ಪರೀಕ್ಷೆ ಸುಲಭ. ಉದ್ದನೆಯ ಗಾಜಿನ ಲೋಟದಲ್ಲಿ ಆ ಒದ್ದೆ ಮರಳನ್ನು ಒತ್ತದೆ 20 ಸೆಂ.ಮೀ ಎತ್ತರ ತುಂಬಿ. ನೀರು ಹೊಯ್ಯಿರಿ, ಕಡ್ಡಿಯಿಂದ ಚೆನ್ನಾಗಿ ಕಲಕಿ, ಬಿಡಿ. ಮರಳು ಕೆಳಗೆ ಕೂತು 16 ಸೆಂ.ಮೀಗೆ ಇಳಿಯಿತು ಎನ್ನಿ. ಇಳಿದದ್ದು 4, ಕೂತದ್ದು 16. ನಾಲ್ಕನ್ನು ಹದಿನಾರರಿಂದ ಭಾಗಿಸಿದರೆ 25%. ಅಂದರೆ 6 ಪೆಟ್ಟಿಗೆ ಬದಲು ಏಳೂವರೆ ಪೆಟ್ಟಿಗೆ ಹಾಕಬೇಕು. ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ಹೊಸ ಲೋಡ್ ಬಿದ್ದಾಗಲೆಲ್ಲ ಮಾಡಿ.

ಪೆಟ್ಟಿಗೆ ಅಂದೆ, ಬಾಂಡ್ಲಿ ಅಲ್ಲ. ಬಾಂಡ್ಲಿಯಲ್ಲಿ ಒಬ್ಬರು ಗೋಪುರ ಮಾಡುತ್ತಾರೆ, ಇನ್ನೊಬ್ಬರು ಮಟ್ಟ ಮಾಡುತ್ತಾರೆ. ಒಳ ಅಳತೆ 35 × 25 × 40 ಸೆಂ.ಮೀ ಇರುವ ಮರದ ಪೆಟ್ಟಿಗೆ ಮಾಡಿಸಿ, ಸರಿಯಾಗಿ 35 ಲೀಟರ್, ಒಂದು ಮೂಟೆ ಸಿಮೆಂಟಿನಷ್ಟೇ. ಒಂದು ಮೂಟೆಗೆ ನಾಲ್ಕು, ಐದು, ಆರು ಪೆಟ್ಟಿಗೆ ಎಂದು ಎಣಿಸಿದರೆ ಯಾರಿಗೂ ಗೊಂದಲ ಇಲ್ಲ. ನೀರು ಮೂಟೆಗೆ 25–30 ಲೀಟರಿನ ಆಸುಪಾಸು, ಮರಳಿನ ತೇವ ನೋಡಿ ಕಮ್ಮಿ ಮಾಡಿ. ಒಂದು ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ. ಗಟ್ಟಿಯಾದ ಗಾರೆಗೆ ನೀರು ಹಾಕಿ ಮತ್ತೆ ಎಬ್ಬಿಸಬೇಡಿ.

2. ನೆಲ ಮತ್ತು ಗೋಡೆ ಟೈಲ್ಸ್ (1 ಚದರ ಮೀಟರಿಗೆ)

| ಕೆಲಸ | ಹಾಸು | ಹಾಸಿನ ಸಿಮೆಂಟ್ | ಹಾಸಿನ ಮರಳು | ಸಿಮೆಂಟ್ ಹಾಲು |
|---|---|---|---|---|
| ನೆಲದ ಟೈಲ್ಸ್ | 20 ಮಿ.ಮೀ, 1:4 | 8.5 ಕೆ.ಜಿ | 24 ಲೀ | 3.3 ಕೆ.ಜಿ |
| ಗೋಡೆ ಟೈಲ್ಸ್ | 12 ಮಿ.ಮೀ, 1:3 | 7.3 ಕೆ.ಜಿ | 15.4 ಲೀ | 3.3 ಕೆ.ಜಿ |
| ಗ್ರಾನೈಟ್, ಮಾರ್ಬಲ್ ನೆಲ | 20 ಮಿ.ಮೀ, 1:4 | 8.5 ಕೆ.ಜಿ | 24 ಲೀ | 4.4 ಕೆ.ಜಿ |
| ಶಹಾಬಾದ್ ಕಲ್ಲು | 25 ಮಿ.ಮೀ, 1:6 | 7 ಕೆ.ಜಿ | 30 ಲೀ | ಸಂದಿಗಷ್ಟೇ |

ಶಹಾಬಾದ್ ಕಲ್ಲಿನ ದಪ್ಪ ಒಂದೊಂದು ಒಂದೊಂದು ಥರ ಇರುತ್ತದೆ. ಹಾಸನ್ನು 25 ಎಂದು ಬರೆದರೂ ಜಾಗದಲ್ಲಿ 30 ಆಗುವುದು ಸಾಮಾನ್ಯ. ಕೊಳ್ಳುವಾಗಲೇ ತೆಳ್ಳಗಿದ್ದವನ್ನು, ದಪ್ಪ ಇದ್ದವನ್ನು ಬೇರೆ ಬೇರೆ ಪೇರಿಸಿ, ಒಂದೊಂದು ಕೋಣೆಗೆ ಒಂದೊಂದು ಬಗೆ ಹಾಕಿದರೆ ಗಾರೆ ಉಳಿಯುತ್ತದೆ.

ಅಂಟಿನಿಂದ ಟೈಲ್ಸ್ ಹಾಕುವುದಾದರೆ ಮೇಲಿನ ಸಿಮೆಂಟ್, ಮರಳು ಎರಡೂ ಬೇಡ. 3 ಮಿ.ಮೀ ಹಾಸಿಗೆ ಚದರ ಮೀಟರಿಗೆ 4.5ರಿಂದ 5 ಕೆ.ಜಿ ಅಂಟು. 20 ಕೆ.ಜಿ ಚೀಲಕ್ಕೆ ಸುಮಾರು 4 ಚದರ ಮೀಟರ್. ಕೆಳಗಿನ ಮಟ್ಟ ಚೆನ್ನಾಗಿದ್ದರೆ ಮಾತ್ರ ಈ ಲೆಕ್ಕ. ತಗ್ಗು ತುಂಬಿಸಲು ಅಂಟು ಸುರಿದರೆ ದುಡ್ಡು ಸುಮ್ನೆ ದಂಡ.

| ಟೈಲ್ ಅಳತೆ (ಮಿ.ಮೀ) | ಚ.ಮೀಗೆ ಎಷ್ಟು | 5% ಸೇರಿಸಿ | ಗ್ರೌಟ್ |
|---|---|---|---|
| 300 × 300 | 11.1 | 11.7 | 0.27 ಕೆ.ಜಿ (3 ಮಿ.ಮೀ ಸಂದಿ) |
| 300 × 450 | 7.4 | 7.8 | 0.15 ಕೆ.ಜಿ (2 ಮಿ.ಮೀ) |
| 300 × 600 | 5.6 | 5.8 | 0.14 ಕೆ.ಜಿ (2 ಮಿ.ಮೀ) |
| 600 × 600 | 2.8 | 2.9 | 0.15 ಕೆ.ಜಿ (3 ಮಿ.ಮೀ) |
| 600 × 1200 | 1.4 | 1.46 | 0.08 ಕೆ.ಜಿ (2 ಮಿ.ಮೀ) |

ಟೈಲ್ಸನ್ನು ಓರೆಯಾಗಿ ಹಾಕುವುದಾದರೆ 5% ಸಾಲದು, 10% ಹಿಡಿಯಿರಿ. 600 × 600 ಬಾಕ್ಸಿನಲ್ಲಿ ಸಾಮಾನ್ಯವಾಗಿ 4 ಟೈಲ್ ಇರುತ್ತವೆ, ಅಂದರೆ 1.44 ಚದರ ಮೀಟರ್. ಎಲ್ಲ ಬಾಕ್ಸೂ ಒಂದೇ ಬ್ಯಾಚ್ ನಂಬರಿನದ್ದಾ ಎಂದು ಇಳಿಸುವಾಗಲೇ ನೋಡಿ. ಆಮೇಲೆ ಸಾಲದೆ ತರಿಸಿದರೆ ಬಣ್ಣದ ಛಾಯೆ ಕೂಡುವುದಿಲ್ಲ.

3. ಸಿಮೆಂಟ್ ನೆಲ

40 ಮಿ.ಮೀ, 1:2:4 ಕಾಂಕ್ರೀಟಿಗೆ ಚದರ ಮೀಟರಿಗೆ ಸಿಮೆಂಟ್ 12.8 ಕೆ.ಜಿ, ಮರಳು 18 ಲೀಟರ್, ಸಣ್ಣ ಜಲ್ಲಿ 36 ಲೀಟರ್. ಮೇಲೆ ನಯ ಮಾಡಲು ಇನ್ನೂ 2.2 ಕೆ.ಜಿ ಸಿಮೆಂಟ್. ಅದರ ಕೆಳಗೆ 100 ಮಿ.ಮೀ 1:4:8 ಬೆಡ್ ಹಾಕುವುದಿದ್ದರೆ ಸಿಮೆಂಟ್ 17 ಕೆ.ಜಿ, ಮರಳು 47 ಲೀಟರ್, ದಪ್ಪ ಜಲ್ಲಿ 94 ಲೀಟರ್ ಬೇರೆ.

4. ಪುಟ್ಟಿ, ಬಣ್ಣ

ಇದು ಪೇಂಟರ್ ಲೆಕ್ಕ, ಆದರೂ ಮಾಲೀಕರು ನಮ್ಮನ್ನೇ ಕೇಳುತ್ತಾರೆ. ಎರಡು ಕೋಟ್ ಪುಟ್ಟಿ 1ರಿಂದ 1.2 ಕೆ.ಜಿ, ಒರಟು ಗೋಡೆಗೆ 1.5. ಪ್ರೈಮರ್ ಒಂದು ಕೋಟ್ 0.1 ಲೀಟರ್. ಒಳಗಿನ ಎಮಲ್ಷನ್ ಎರಡು ಕೋಟ್ 0.15–0.18 ಲೀಟರ್, ಹೊರಗಿನದು 0.17–0.2.

5. ಒಂದು ಕೋಣೆಯ ಪೂರ್ತಿ ಲೆಕ್ಕ

ತುಮಕೂರಿನಲ್ಲಿ ಈಗ ನಡೆಯುತ್ತಿರುವ 30 × 40 ಸೈಟಿನ ಮನೆಯ ಮಲಗುವ ಕೋಣೆ. ಒಳ ಅಳತೆ 3.6 × 3 ಮೀಟರ್, ಎತ್ತರ 3 ಮೀಟರ್. ಒಂದು ಬಾಗಿಲು 0.9 × 2.1, ಒಂದು ಕಿಟಕಿ 1.2 × 1.2.

ಸುತ್ತಳತೆ 13.2 ಮೀಟರ್, ಗೋಡೆ 39.6 ಚ.ಮೀ. ಬಾಗಿಲು 1.9, ಕಿಟಕಿ 1.4 ಕಳೆದು, ಕಿಟಕಿಯ ಪಕ್ಕೆಗಳನ್ನು ಸೇರಿಸಿದರೆ ಸುಮಾರು 37 ಚ.ಮೀ. ಸೀಲಿಂಗ್ 10.8, ನೆಲವೂ 10.8.

| ಕೆಲಸ | ಸಿಮೆಂಟ್ | ಮರಳು |
|---|---|---|
| ಗೋಡೆ, 12 ಮಿ.ಮೀ 1:6 | 133 ಕೆ.ಜಿ | 570 ಲೀ |
| ಸೀಲಿಂಗ್, 6 ಮಿ.ಮೀ 1:3 | 40 ಕೆ.ಜಿ | 83 ಲೀ |
| ನೆಲದ ಟೈಲ್ಸ್, ಸಿಮೆಂಟ್ ಹಾಲು ಸೇರಿ | 127 ಕೆ.ಜಿ | 259 ಲೀ |
| ಸ್ಕರ್ಟಿಂಗ್, 10 ಸೆಂ.ಮೀ ಎತ್ತರ | 13 ಕೆ.ಜಿ | 19 ಲೀ |
| ಒಟ್ಟು | 313 ಕೆ.ಜಿ | 931 ಲೀ |
| 5% / 10% ಸೇರಿಸಿ | 329 ಕೆ.ಜಿ | 1024 ಲೀ |
| ತರಿಸಬೇಕಾದದ್ದು | 7 ಮೂಟೆ | 36 ಘನ ಅಡಿ, 1.6 ಟನ್ |

600 × 600 ಟೈಲ್ ನೆಲಕ್ಕೆ 32. ಸ್ಕರ್ಟಿಂಗ್ 12.3 ಮೀಟರಿಗೆ 60 ಸೆಂ.ಮೀ ಉದ್ದದ ಪಟ್ಟಿ 21 ಬೇಕು. ಒಂದು ಟೈಲಿನಲ್ಲಿ ಕಟಿಂಗ್ ಕಳೆದು 5 ಪಟ್ಟಿ ಎಂದು ಹಿಡಿದರೆ 5 ಟೈಲ್. ಒಟ್ಟು 37, ಅಂದರೆ 10 ಬಾಕ್ಸ್. ಮೂರು ಟೈಲ್ ಉಳಿಯುತ್ತವೆ, ಅವನ್ನು ಮಾಲೀಕರ ಕೈಗೆ ಕೊಟ್ಟುಬಿಡಿ. ಮುಂದೆ ಒಡೆದದ್ದು ಬದಲಾಯಿಸಲು ಅವೇ ಬೇಕಾಗುತ್ತವೆ.

ಏಳು ಮೂಟೆಯನ್ನೂ ಒಟ್ಟಿಗೆ ತರಿಸಬೇಡಿ. ಮೊದಲು ಸೀಲಿಂಗ್, ಗೋಡೆಗೆ 4 ಮೂಟೆ. ಪ್ಲಾಸ್ಟರಿಗೆ ಕಮ್ಮಿಯೆಂದರೂ 7 ದಿನ ನೀರು ಹೊಡೆಯಬೇಕು, ಪಿ.ಪಿ.ಸಿ ಸಿಮೆಂಟಾದರೆ 10 ದಿನ. ಟೈಲ್ಸಿನ 3 ಮೂಟೆ ಅದಾದ ಮೇಲೆ ಬರಲಿ. ಶೆಡ್ಡಿನಲ್ಲಿ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಪೇರಿಸಿ.