ಸೋಮವಾರದಿಂದ ನಮ್ಮ ಪ್ರಯೋಗಾಲಯಕ್ಕೆ ಬರುವ ಕಾವ್ಯ ಅವರಿಗೆ

ಆತ್ಮೀಯ ಕಾವ್ಯ ಅವರೇ,

ನಮಸ್ಕಾರ. ನಮ್ಮ ಡೇರಿಯ ಗುಣಮಟ್ಟ ವಿಭಾಗಕ್ಕೆ ನಿಮಗೆ ಸ್ವಾಗತ. ನೇಮಕಾತಿ ಆದೇಶ ಈಗಾಗಲೇ ನಿಮ್ಮ ಕೈ ಸೇರಿದೆ. ಅದರಲ್ಲಿ ವೇತನ, ರಜೆ, ಪರೀಕ್ಷಾರ್ಥ ಅವಧಿ ಎಲ್ಲವೂ ಇವೆ. ಇಲ್ಲಿ ಬಂದರೆ ದಿನ ಹೇಗೆ ಕಳೆಯುತ್ತದೆ ಎನ್ನುವುದು ಮಾತ್ರ ಇಲ್ಲ. ಅದಕ್ಕಾಗಿ ಈ ಪತ್ರ.

ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿ ಓದಿದವರಿಗೆ ಗರ್ಬರ್ ಪರೀಕ್ಷೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಹತ್ತು ಮಿಲಿಲೀಟರ್ ಆಮ್ಲ, 10.75 ಹಾಲು, ಒಂದು ಅಮೈಲ್ ಆಲ್ಕೋಹಾಲ್ ಎಂಬುದು ನಿಮಗೆ ಬಾಯಿಪಾಠವೇ ಆಗಿರುತ್ತದೆ. ಆದರೆ ಕಾಲೇಜಿನಲ್ಲಿ ನೀವು ಪರೀಕ್ಷಿಸಿದ ಹಾಲಿಗೆ ಯಾರೂ ಕಾದು ಕುಳಿತಿರಲಿಲ್ಲ. ಇಲ್ಲಿ ನೀವು ಮಾದರಿ ತೆಗೆದ ಕ್ಷಣದಿಂದ ಟ್ಯಾಂಕರಿನ ಚಾಲಕ ಕಿಟಕಿಯ ಬಳಿ ನಿಂತಿರುತ್ತಾನೆ. ಅವನ ಹಿಂದೆ ಇನ್ನೂ ಮೂರು ಟ್ಯಾಂಕರುಗಳು ನಿಂತಿರುತ್ತವೆ. ಒಳಗಿನಿಂದ ಸಂಸ್ಕರಣೆಯವರು ‘ಹಾಲು ಬಿಡಬಹುದೇ?’ ಎಂದು ಫೋನ್ ಮಾಡುತ್ತಲೇ ಇರುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಬೇರೊಂದು ಕಡೆ ನಾನೂ ಇಂಥದೇ ಅವಸರಕ್ಕೆ ಬಲಿಯಾದೆ. ಸೆಂಟ್ರಿಫ್ಯೂಜ್‌ನಿಂದ ತೆಗೆದ ಬ್ಯುಟಿರೋಮೀಟರನ್ನು 65 ಡಿಗ್ರಿಯ ನೀರಿನಲ್ಲಿ ಇಡದೆ, ಹಾಗೆಯೇ ಬೆಳಕಿಗೆ ಹಿಡಿದು ಓದಿದೆ. ತಣ್ಣಗಾದ ಜಿಡ್ಡು ಕುಗ್ಗಿರುತ್ತದೆ, ಅಳತೆ 0.2 ಕಡಿಮೆ ಬಂತು. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅದು ಇಪ್ಪತ್ತು ಕಿಲೋ ಜಿಡ್ಡು! ಮೂರನೆಯ ದಿನ ಆ ಮಾರ್ಗದ ಸಂಘದ ಕಾರ್ಯದರ್ಶಿಯೊಬ್ಬರು ಬಂದರು. ಜಗಳವಾಡಲಿಲ್ಲ. ‘ಸ್ವಾಮಿ, ಮೇವು ಅದೇ, ಹಸು ಅದೇ. ಒಂದೇ ರಾತ್ರಿಯಲ್ಲಿ ಊರಿನ ಹಸುಗಳೆಲ್ಲ ಬಡವಾದವೇ?’ ಎಂದು ಕೇಳಿದರು. ಲೆಕ್ಕ ಸರಿಪಡಿಸಲು ಒಂದು ವಾರ ಹಿಡಿಯಿತು. ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ನಿಮ್ಮಿಂದ ನಾನು ಕೇಳುವುದು ಒಂದೇ: ಕಣ್ಣಿಗೆ ಕಂಡದ್ದನ್ನೇ ಪುಸ್ತಕದಲ್ಲಿ ಬರೆಯಿರಿ. ಅನುಮಾನ ಬಂದರೆ ಇನ್ನೊಂದು ಮಾದರಿ ತೆಗೆಯಿರಿ, ಟ್ಯಾಂಕರ್ ಕಾಯಲಿ. ತಪ್ಪು ಬರೆದರೆ ಅಳಿಸಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ಸಹಿ ಹಾಕಿ. ಬೇಸಿಗೆಯಲ್ಲಿ ಹಳ್ಳಿಯ ಶೀತಲೀಕರಣ ಘಟಕಕ್ಕೆ ಕರೆಂಟ್ ಕೈಕೊಟ್ಟ ದಿನ ಹಾಲು ಹುಳಿಗೆ ತಿರುಗಿರುತ್ತದೆ. ಪ್ರನಾಳದಲ್ಲಿ ಕುದಿಸಿದಾಗ ಒಡೆದರೆ ಆ ಹಾಲು ಒಳಗೆ ಬರುವಂತಿಲ್ಲ. ‘ಇದೊಂದು ಸಲ ಬಿಡಿ ಮೇಡಂ’ ಎಂಬ ಮಾತು ಬಂದೇ ಬರುತ್ತದೆ. ಆಗ ನನಗೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ಬೇಡ ಎನ್ನುವ ಹೊಣೆ ನನ್ನದು. ಒಂದು ವೇಳೆ ನಾನೇ ‘ಬಿಡಿ’ ಎಂದರೆ, ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಬೇಸರಪಡುವುದಿಲ್ಲ.

ಮೊದಲ ಎರಡು ವಾರ ನೀವು ಸ್ವೀಕೃತಿ ಅಂಗಳದಲ್ಲಿ ಇರುತ್ತೀರಿ. ಅಲ್ಲಿ ನಿಮ್ಮ ಗುರು ನಮ್ಮ ಹಿರಿಯ ಸಹಾಯಕಿ. ಇಡೀ ಡೇರಿಗೆ ಅವರು ‘ಅಕ್ಕ’. ಟ್ಯಾಂಕರಿನ ಮುಚ್ಚಳ ತೆಗೆದ ಕೂಡಲೇ ಮೂಗಿನಿಂದಲೇ ಅರ್ಧ ವರದಿ ಕೊಡುತ್ತಾರೆ. ಆಮೇಲೆ ನಾವು ರೋಸಾಲಿಕ್ ಆಮ್ಲ ಹಾಕಿ ನೋಡಿದಾಗ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿದರೆ, ಸೋಡಾ ಬೆರೆಸಿದ್ದು ಗೊತ್ತಾಗುತ್ತದೆ. ಅವರ ಬಳಿ ಪದವಿ ಇಲ್ಲ, ಇಪ್ಪತ್ತೆರಡು ವರ್ಷಗಳ ಅನುಭವವಿದೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ, ಬೇಗ ಹೊಂದಿಕೊಳ್ಳುತ್ತೀರಿ. ಮೂರನೆಯ ವಾರದಿಂದ ಪ್ಯಾಕೆಟ್ ಹಾಲಿನ ಪರೀಕ್ಷೆ. ಟೋನ್ಡ್ ಹಾಲಿಗೆ ಜಿಡ್ಡು 3.0, ಜಿಡ್ಡೇತರ ಘನಾಂಶ 8.5, ಅದಕ್ಕಿಂತ ಕೆಳಗಿಳಿದ ಒಂದು ಪ್ಯಾಕೆಟ್ಟೂ ಗೇಟು ದಾಟಬಾರದು. ಗಣಕಯಂತ್ರದಲ್ಲಿ ವರದಿ ತುಂಬುವುದನ್ನು ಯಾರಾದರೂ ಅರ್ಧ ಗಂಟೆಯಲ್ಲಿ ತೋರಿಸುತ್ತಾರೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಪಾಳಿ ಶುರು. ಕಾಲು ಗಂಟೆ ಮುಂಚೆ ಬಂದರೆ ಗೇಟಿನಲ್ಲಿ ಗುರುತಿನ ಚೀಟಿ ಪಡೆಯಬಹುದು. ಮೂಲ ಅಂಕಪಟ್ಟಿ, ಆಧಾರ್, ಎರಡು ಭಾವಚಿತ್ರ ತನ್ನಿ. ಬಿಳಿ ಕೋಟು, ಕೈಗವಸು, ಕನ್ನಡಕ ನಾವೇ ಕೊಡುತ್ತೇವೆ. ಪಾದ ಪೂರ್ತಿ ಮುಚ್ಚುವ, ಜಾರದ ಬೂಟು ಮಾತ್ರ ನಿಮ್ಮದೇ ಇರಲಿ. ಸ್ವೀಕೃತಿ ಅಂಗಳದ ನೆಲ ಯಾವಾಗಲೂ ಒದ್ದೆ. ಬಳೆ, ಉಂಗುರ ಮನೆಯಲ್ಲೇ ಬಿಟ್ಟು ಬನ್ನಿ. ಬಸ್ ನಿಲ್ದಾಣದಿಂದ ಐದು ಇಪ್ಪತ್ತಕ್ಕೆ ನಮ್ಮ ಸಿಬ್ಬಂದಿ ವಾಹನ ಹೊರಡುತ್ತದೆ. ಚಾಲಕರಿಗೆ ನಿಮ್ಮ ಹೆಸರು ಹೇಳಿಟ್ಟಿದ್ದೇನೆ.

ತಿಂಡಿ ಎಂಟೂವರೆಗೆ, ಮೊದಲ ಟ್ಯಾಂಕರುಗಳು ಮುಗಿದ ಮೇಲೆ. ಕ್ಯಾಂಟೀನಿನ ಇಡ್ಲಿ ಸುಮಾರು, ಕಾಫಿ ಚೆನ್ನ. ಹಾಲಂತೂ ನಾವೇ ಪರೀಕ್ಷೆ ಮಾಡಿದ್ದು.

ನಿಮ್ಮ ವಿಶ್ವಾಸಿ,
ಶ್ರೀನಿವಾಸ
ವ್ಯವಸ್ಥಾಪಕ, ಗುಣಮಟ್ಟ ವಿಭಾಗ