ಅನನುಸರಣಾ ವರದಿ: ಎಎಚ್‌ಯು-2 ಸಪ್ಲೈ ಡಕ್ಟ್‌ನ ಗಾಳಿ ಸೋರಿಕೆ ಪರೀಕ್ಷೆಯಲ್ಲಿ ವಿಫಲ

ವರದಿ ಸಂಖ್ಯೆ: ಎನ್‌ಸಿಆರ್/ಮೆಕ್/017
ದಿನಾಂಕ: 12-05-2025
ಸ್ಥಳ: 120 ಹಾಸಿಗೆಗಳ ಆಸ್ಪತ್ರೆ ಕಟ್ಟಡ, ಹೊಸಪೇಟೆ ರಸ್ತೆ, ಬಳ್ಳಾರಿ
ಇವರಿಗೆ: ಹವಾನಿಯಂತ್ರಣ ಕಾಮಗಾರಿಯ ಗುತ್ತಿಗೆದಾರರು
ಇವರಿಂದ: ಮೆಕ್ಯಾನಿಕಲ್ ವಿಭಾಗದ ಸೈಟ್ ಇಂಜಿನಿಯರ್, ಮಾಲೀಕರ ಪರವಾಗಿ

ಮಾನ್ಯರೇ,

ಎರಡನೇ ಮಹಡಿಯ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಗಾಳಿ ಒದಗಿಸುವ ಎಎಚ್‌ಯು-2ರ ಸಪ್ಲೈ ಡಕ್ಟ್ ಮೇಲೆ ದಿನಾಂಕ 09-05-2025ರಂದು ನಿಮ್ಮ ಮೇಲ್ವಿಚಾರಕರ ಸಮ್ಮುಖದಲ್ಲಿ ನಡೆಸಿದ ಸೋರಿಕೆ ಪರೀಕ್ಷೆಯು ವಿಫಲವಾಗಿದೆ. ಆ ಭಾಗವನ್ನು ಈ ವರದಿಯ ಮೂಲಕ ತಿರಸ್ಕರಿಸಲಾಗಿದ್ದು, ಮರುಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಅದರ ಮೇಲೆ ಇನ್ಸುಲೇಷನ್ ಆಗಲಿ, ಅದರ ಕೆಳಗೆ ಫಾಲ್ಸ್ ಸೀಲಿಂಗ್ ಚೌಕಟ್ಟು ಆಗಲಿ ಹಾಕತಕ್ಕದ್ದಲ್ಲ.

ಮಿತಿ ಮತ್ತು ಅಳತೆ

ಕರಾರಿನ ತಾಂತ್ರಿಕ ವಿವರಣೆಯ ಪ್ರಕಾರ ಈ ಡಕ್ಟ್ ಡಿಡಬ್ಲ್ಯು/144ರ ಕ್ಲಾಸ್ ಬಿ ವರ್ಗಕ್ಕೆ ಸೇರಿದ್ದು, ಪರೀಕ್ಷಾ ಒತ್ತಡ 750 ಪಾಸ್ಕಲ್ ಎಂದು ನಿಗದಿಯಾಗಿದೆ. ಈ ವರ್ಗದಲ್ಲಿ ಒಂದು ಚದರ ಮೀಟರ್ ಡಕ್ಟ್ ಮೇಲ್ಮೈಯಿಂದ ಒಂದು ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಸೋರಬಹುದು ಎಂಬುದನ್ನು ಈ ಸೂತ್ರ ಹೇಳುತ್ತದೆ. ಇದರಲ್ಲಿ p ಎಂದರೆ ಪಾಸ್ಕಲ್‌ಗಳಲ್ಲಿ ಪರೀಕ್ಷಾ ಒತ್ತಡ.

```
L = 0.009 × p^0.65
```

750 ಪಾಸ್ಕಲ್‌ಗೆ ಇದು 0.665 ಲೀಟರ್ ಆಗುತ್ತದೆ. ಪರೀಕ್ಷಿಸಿದ ಭಾಗದಲ್ಲಿ 900×500 ಮಿ.ಮೀ. ಡಕ್ಟ್ 22 ಮೀಟರ್, 600×400 ಮಿ.ಮೀ. ಡಕ್ಟ್ 14 ಮೀಟರ್, ಮತ್ತು 300×250 ಮಿ.ಮೀ.ನ ತಲಾ 3.2 ಮೀಟರ್ ಉದ್ದದ ನಾಲ್ಕು ಕವಲುಗಳಿದ್ದು, ಒಟ್ಟು ಮೇಲ್ಮೈ 103.7 ಚದರ ಮೀಟರ್. ಆದ್ದರಿಂದ ಇಡೀ ಭಾಗಕ್ಕೆ ಅನುಮತಿಸಿದ ಸೋರಿಕೆ ಸೆಕೆಂಡಿಗೆ 69.0 ಲೀಟರ್. ಆದರೆ ಒತ್ತಡ ಸ್ಥಿರವಾದಾಗಲೇ 121 ಲೀಟರ್ ಸೋರಿಕೆ ದಾಖಲಾಗಿ, 15ನೇ ನಿಮಿಷಕ್ಕೆ 126ಕ್ಕೆ ಏರಿ, ಫ್ಯಾನ್ ನಿಲ್ಲಿಸಿ ಮತ್ತೆ ಒತ್ತಡ ಕೊಟ್ಟಾಗ 129 ಲೀಟರ್ ತಲುಪಿತು. ಮಿತಿಗಿಂತ ಇದು ಶೇ. 87ರಷ್ಟು ಹೆಚ್ಚು. ಅಂಕಿ ದೊಡ್ಡದಾಗಿದ್ದಕ್ಕಿಂತಲೂ ಅದು ನಿಲ್ಲದೆ ಏರುತ್ತಾ ಹೋದದ್ದು ನಮಗೆ ಹೆಚ್ಚು ಕಳವಳದ ವಿಷಯ, ಏಕೆಂದರೆ ಒತ್ತಡ ಬಿದ್ದಂತೆಲ್ಲ ಸೀಲಂಟ್ ಬಿಟ್ಟುಕೊಳ್ಳುತ್ತಿದೆ ಎಂಬುದನ್ನು ಅದು ತೋರಿಸುತ್ತದೆ.

ಈ ಸೋರಿಕೆ ಕ್ಲಾಸ್ ಎ ಮಿತಿಯೊಳಗೇ ಇದೆ ಎಂದು ನಿಮ್ಮ ಮೇಲ್ವಿಚಾರಕರು ಸ್ಥಳದಲ್ಲಿ ವಾದಿಸಿದರು. ಲೆಕ್ಕದ ಮಟ್ಟಿಗೆ ಅದು ಸರಿ. ಕ್ಲಾಸ್ ಎ ಗುಣಾಂಕ 0.027, ಅಂದರೆ ಮೂರು ಪಟ್ಟು ಸಡಿಲ. ಆದರೆ ಕ್ಲಾಸ್ ಎ 500 ಪಾಸ್ಕಲ್‌ವರೆಗಿನ ಕಡಿಮೆ ಒತ್ತಡದ ಡಕ್ಟ್‌ಗಳಿಗೆ ಇರುವಂಥದ್ದು, ಮತ್ತು ಈ ಡಕ್ಟ್ ಹೆಪಾ ಫಿಲ್ಟರ್‌ಗಳ ಮೂಲಕ ಗಾಳಿ ಕೊಡಬೇಕಾದದ್ದು. ದಾರಿಯಲ್ಲಿ ಸೋರಿಹೋದ ಗಾಳಿ ಕೊಠಡಿಯಲ್ಲಿ ಇರಬೇಕಾದ ಧನಾತ್ಮಕ ಒತ್ತಡವನ್ನು ತಗ್ಗಿಸುತ್ತದೆ, ತಂಪುಮಾಡಿದ ಗಾಳಿಯನ್ನು ಸೀಲಿಂಗ್ ಮೇಲ್ಭಾಗಕ್ಕೆ ವ್ಯರ್ಥವಾಗಿ ಸುರಿಯುತ್ತದೆ. ವರ್ಗ ಬದಲಾವಣೆಯನ್ನು ಪರಿಗಣಿಸಲಾಗುವುದಿಲ್ಲ.

ಕಂಡುಬಂದ ದೋಷಗಳು

ಒತ್ತಡ ಇರುವಾಗಲೇ ಊದುಬತ್ತಿಯ ಹೊಗೆ ಮತ್ತು ಸೋಪಿನ ನೀರಿನಿಂದ ಜೋಡಣೆಗಳನ್ನು ತಪಾಸಿಸಲಾಯಿತು. ಒಟ್ಟು 34 ಫ್ಲ್ಯಾಂಜ್ ಜೋಡಣೆಗಳಲ್ಲಿ 27ನ್ನು ಮಾತ್ರ ನೋಡಲು ಸಾಧ್ಯವಾಗಿ, ಅವುಗಳಲ್ಲಿ 11 ಸೋರುತ್ತಿದ್ದವು. ಉಳಿದ 7 ಜೋಡಣೆಗಳು, ಪರೀಕ್ಷೆಗೆ ಮೊದಲೇ ಇನ್ಸುಲೇಷನ್ ಸುತ್ತಿದ 9 ಮೀಟರ್ ಉದ್ದದೊಳಗೆ ಮುಚ್ಚಿಹೋಗಿವೆ. ಪರೀಕ್ಷೆ ಆಗದೆ ಇನ್ಸುಲೇಷನ್ ಸುತ್ತಬಾರದು ಎಂಬ ತಪಾಸಣಾ ಹಂತವನ್ನು ಮೀರಿದ್ದು ಪ್ರತ್ಯೇಕ ಉಲ್ಲಂಘನೆಯೆಂದು ಇಲ್ಲಿಯೇ ದಾಖಲಿಸಲಾಗಿದೆ.

ಏಳನೇ ಜೋಡಣೆಯ ಕೆಳಮೂಲೆಯಲ್ಲಿ ಸೀಲಂಟ್ ಬೆರಳಿನಿಂದ ಎಳೆದಷ್ಟಕ್ಕೇ ಪಟ್ಟಿಯಂತೆ ಕಿತ್ತುಬಂತು. ಅದರ ಅಡಿಭಾಗ ಪೂರ್ತಿ ಕೆಂಪು ಧೂಳು ಅಂಟಿಕೊಂಡಿತ್ತು, ತಗಡಿನ ಮೇಲೆ ಸೀಲಂಟ್‌ನ ಕುರುಹೂ ಉಳಿದಿರಲಿಲ್ಲ. ತಗಡನ್ನು ಒರೆಸದೆ ಧೂಳಿನ ಮೇಲೆಯೇ ಸೀಲಂಟ್ ಹಚ್ಚಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಳ್ಳಾರಿಯಲ್ಲಿ, ಅದರಲ್ಲೂ ಮೇ ತಿಂಗಳ ಗಾಳಿಯಲ್ಲಿ, ಬೆಳಿಗ್ಗೆ ಒರೆಸಿದ ಫ್ಲ್ಯಾಂಜ್ ಮಧ್ಯಾಹ್ನಕ್ಕೆ ಮತ್ತೆ ಧೂಳಾಗುತ್ತದೆ ಎಂಬುದು ನಿಮ್ಮ ಕೆಲಸಗಾರರಿಗೆ ನಮಗಿಂತ ಚೆನ್ನಾಗಿ ಗೊತ್ತು. ಇದಲ್ಲದೆ, ನಾಲ್ಕು ಜೋಡಣೆಗಳ ಮೂಲೆಗಳಲ್ಲಿ ಗ್ಯಾಸ್ಕೆಟ್‌ನ ತುದಿಗಳು ಒಂದನ್ನೊಂದು ಮುಟ್ಟದೆ ಬಾಯಿ ಬಿಟ್ಟಿವೆ, ಎರಡರಲ್ಲಿ ಮೂಲೆಯ ಬೋಲ್ಟ್ ಇಲ್ಲ, ಫೈರ್ ಡ್ಯಾಂಪರ್ ಪಕ್ಕದ ಆಕ್ಸೆಸ್ ಡೋರ್‌ನ ಒಂದು ಬದಿಗೆ ಗ್ಯಾಸ್ಕೆಟ್ ಹಾಕಿಯೇ ಇಲ್ಲ.

ಸರಿಪಡಿಸುವ ಕ್ರಮಗಳು

ಮೊದಲು ಮುಚ್ಚಿದ 9 ಮೀಟರ್ ಇನ್ಸುಲೇಷನ್ ಅನ್ನು ತೆಗೆದು ಒಳಗಿನ 7 ಜೋಡಣೆಗಳನ್ನು ನಮಗೆ ತೋರಿಸಬೇಕು. ದೋಷವಿರುವ ಪ್ರತಿ ಜೋಡಣೆಯನ್ನು ಬಿಚ್ಚಿ, ಹಳೆಯ ಸೀಲಂಟ್ ಮತ್ತು ಗ್ಯಾಸ್ಕೆಟ್ ಪೂರ್ತಿ ತೆಗೆದು, ತಗಡನ್ನು ಒರೆಸಿ ಒಣಗಿಸಿ, ಅದೇ ಪಾಳಿಯಲ್ಲಿ ಹೊಸ ಸೀಲಂಟ್ ಹಚ್ಚಿ ಜೋಡಿಸಬೇಕು. ಮೂಲೆಗಳಲ್ಲಿ ಗ್ಯಾಸ್ಕೆಟ್ ತುದಿಗಳು ಒಂದರ ಮೇಲೊಂದು ಬರುವಂತಿರಬೇಕು, ಎಲ್ಲ ಮೂಲೆ ಬೋಲ್ಟ್‌ಗಳು ಬಿಗಿಯಾಗಿರಬೇಕು, ಆಕ್ಸೆಸ್ ಡೋರ್‌ನ ನಾಲ್ಕೂ ಬದಿಗೆ ಹೊಸ ಗ್ಯಾಸ್ಕೆಟ್ ಹಾಕಬೇಕು.

ಕಳಚಿದ ಸೀಲಂಟ್ ಮೇಲೆಯೇ ಮತ್ತೊಂದು ಪದರ ಹಚ್ಚುವುದನ್ನಾಗಲಿ, ಹೊರಗಿನಿಂದ ಅಲ್ಯೂಮಿನಿಯಂ ಟೇಪ್ ಸುತ್ತಿ ಪರೀಕ್ಷೆ ದಾಟಿಸುವುದನ್ನಾಗಲಿ ದುರಸ್ತಿಯೆಂದು ಒಪ್ಪಲಾಗುವುದಿಲ್ಲ. ಅಂಥ ಟೇಪ್ ಕಂಡರೆ ಆ ಜೋಡಣೆಯನ್ನು ಮತ್ತೆ ಬಿಚ್ಚಿಸಲಾಗುವುದು. ಸೀಲಂಟ್ ಒಣಗಲು ತಯಾರಕರು ಹೇಳಿದ ಅವಧಿ, ಕನಿಷ್ಠ 24 ಗಂಟೆ, ಕಳೆಯುವವರೆಗೆ ಒತ್ತಡ ಕೊಡಬಾರದು.

ಮರುಪರೀಕ್ಷೆ

ಮರುಪರೀಕ್ಷೆಯನ್ನು 22-05-2025ರೊಳಗೆ ನಡೆಸಬೇಕಿದ್ದು, 24 ಗಂಟೆ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ತೆರೆದ ತುದಿಗಳನ್ನು ಪಾಲಿಥೀನ್ ಹಾಳೆಯಿಂದಲ್ಲದೆ ಗ್ಯಾಸ್ಕೆಟ್ ಹಾಕಿದ ತಗಡಿನ ಎಂಡ್ ಕ್ಯಾಪ್‌ಗಳಿಂದ ಮುಚ್ಚಬೇಕು. ಒತ್ತಡ ಅಳೆಯುವ ನಳಿಕೆಯನ್ನು ಫ್ಯಾನ್ ಗಾಳಿ ನೇರವಾಗಿ ಬಡಿಯದ ಕಡೆ ಅಳವಡಿಸಬೇಕು, ಮತ್ತು ಮಾನೋಮೀಟರ್ ಹಾಗೂ ಹರಿವು ಮಾಪಕಗಳ ಚಾಲ್ತಿಯಲ್ಲಿರುವ ಕ್ಯಾಲಿಬ್ರೇಷನ್ ಪ್ರಮಾಣಪತ್ರಗಳನ್ನು ಸ್ಥಳದಲ್ಲಿ ತೋರಿಸಬೇಕು. ವೋಲ್ಟೇಜ್ ಏರಿಳಿದರೆ ಫ್ಯಾನ್ ವೇಗವೂ ಏರಿಳಿಯುವುದರಿಂದ, ಕಳೆದ ಸಲದಂತೆಯೇ ಜನರೇಟರ್ ವಿದ್ಯುತ್ ಬಳಸುವುದು ಒಳ್ಳೆಯದು.

ಒತ್ತಡವನ್ನು ನಿಧಾನವಾಗಿ 750 ಪಾಸ್ಕಲ್‌ಗೆ ಏರಿಸಿ, ಸ್ಥಿರವಾದ ಮೇಲೆ 15 ನಿಮಿಷ ಅದೇ ಮಟ್ಟದಲ್ಲಿ ಹಿಡಿದು, ಆರಂಭದಲ್ಲಿ ಮತ್ತು 5, 10, 15ನೇ ನಿಮಿಷಗಳಲ್ಲಿ ಸೋರಿಕೆಯನ್ನು ದಾಖಲಿಸಬೇಕು. ನಂತರ ಫ್ಯಾನ್ ನಿಲ್ಲಿಸಿ ಒತ್ತಡ ಶೂನ್ಯಕ್ಕೆ ಇಳಿಯಲು ಬಿಟ್ಟು, ಕೂಡಲೇ ಮತ್ತೆ 750ಕ್ಕೆ ತಂದು ಇನ್ನೊಂದು ಓದು ತೆಗೆದುಕೊಳ್ಳಬೇಕು. ಯಾವ ಓದೂ 69.0 ಲೀಟರ್ ಮೀರಬಾರದು, 15 ನಿಮಿಷಗಳಲ್ಲಿ ಸೋರಿಕೆ ಏರಬಾರದು, ಕೊನೆಯ ಓದು ಹಿಂದಿನದಕ್ಕಿಂತ ಹೆಚ್ಚಾಗಬಾರದು; ಈ ಮೂರೂ ಈಡೇರಿದರೆ ಮಾತ್ರ ತೇರ್ಗಡೆ. ಯಾವ ಕಾರಣಕ್ಕೂ ಒತ್ತಡ 1000 ಪಾಸ್ಕಲ್ ಮೀರಬಾರದು.

ಇದೇ ತಂಡ ಇದೇ ರೀತಿ ಜೋಡಿಸಿದ ಎಎಚ್‌ಯು-3ರ ಎರಡು ಭಾಗಗಳನ್ನು ನಾವು ಆರಿಸಿ ತಿಳಿಸುತ್ತೇವೆ. ಅವುಗಳನ್ನೂ ಅಂದೇ ಪರೀಕ್ಷಿಸಬೇಕು.

ದುರಸ್ತಿ ಮತ್ತು ಮರುಪರೀಕ್ಷೆಯ ವೆಚ್ಚ ನಿಮ್ಮದು, ಇದಕ್ಕಾಗಿ ಕಾಲಾವಧಿ ವಿಸ್ತರಣೆ ಇರುವುದಿಲ್ಲ, ಮತ್ತು ಈ ಭಾಗದ ಬಿಲ್ಲನ್ನು ವರದಿ ಮುಕ್ತಾಯವಾಗುವವರೆಗೆ ತಡೆಹಿಡಿಯಲಾಗಿದೆ. ದೋಷಕ್ಕೆ ನೀವು ಕಂಡುಕೊಂಡ ಕಾರಣ, ಜೋಡಣೆವಾರು ದುರಸ್ತಿ ವಿಧಾನ ಮತ್ತು ದಿನಾಂಕಗಳನ್ನು 15-05-2025ರ ಸಂಜೆ 5 ಗಂಟೆಯೊಳಗೆ ಲಿಖಿತವಾಗಿ ಸಲ್ಲಿಸಿ. ಸೋರುವ ಜೋಡಣೆಗಳಿಗೆ ಕಟ್ಟಿರುವ ಕೆಂಪು ಚೀಟಿಗಳನ್ನು ನಮ್ಮ ಸಹಿ ಇಲ್ಲದೆ ಬಿಚ್ಚಬಾರದೆಂದು ನಿಮ್ಮ ಕೆಲಸಗಾರರಿಗೆ ತಿಳಿಸಿರಿ.

ತಮ್ಮ ವಿಶ್ವಾಸಿ,
ಸಹಿ/-
ಸೈಟ್ ಇಂಜಿನಿಯರ್ (ಮೆಕ್ಯಾನಿಕಲ್)

ಪ್ರತಿಗಳು: ಯೋಜನಾ ವ್ಯವಸ್ಥಾಪಕರು, ಗುಣಮಟ್ಟ ವಿಭಾಗ, ಬಿಲ್ಲಿಂಗ್ ವಿಭಾಗ
ಲಗತ್ತು: 09-05-2025ರ ಪರೀಕ್ಷಾ ಹಾಳೆ, ಜೋಡಣೆ ಸಂಖ್ಯೆ ಗುರುತಿಸಿದ ನಕ್ಷೆ, 14 ಫೋಟೋಗಳು